ಹಾಲು ಕರೆಯುವ ಮಿಷನ್ನಿಗೆ ನಾನು ಕೊಟ್ಟ ಸರ್ಟಿಫಿಕೇಟು

ಪಾಂಡವಪುರ ತಾಲ್ಲೂಕಿನ ನಮ್ಮ ಸಣ್ಣ ಊರಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವವಳು ನಾನು. ದಿನಕ್ಕೆರಡು ಹೊತ್ತು ಕ್ಯಾನಿನ ಪಕ್ಕ ನಿಂತು, ಯಾರ ಹಾಲಿಗೆ ಎಷ್ಟು ನೀರು ಬಿದ್ದಿದೆ ಎಂದು ಮುಖ ನೋಡದೆ ಹೇಳುವ ಕೆಲಸ. ವರ್ಷಗಟ್ಟಲೆ ಇದನ್ನೇ ಮಾಡಿದರೆ ಮನುಷ್ಯರಿಗೆ ಸ್ವಲ್ಪ ಕೊಬ್ಬು ಬರುತ್ತದೆ, ನನಗೂ ಬಂದಿತ್ತು. ಊರಿನವರು ಮಾತ್ರೆ ಚೀಟಿ, ಕರೆಂಟು ಬಿಲ್ಲು, ಬ್ಯಾಂಕಿನ ಮೆಸೇಜು, ಏನೇ ಬಂದರೂ ನನ್ನ ಮುಂದೆ ಹಿಡಿದು ಆ ಕೊಬ್ಬನ್ನು ಇನ್ನಷ್ಟು ಬೆಳೆಸಿದರು. ಗೊತ್ತಿಲ್ಲ ಎಂದು ನಾನು ಹೇಳಿದ್ದು ಬಹಳ ಕಮ್ಮಿ.

ಅವತ್ತು ಬೆಳಿಗ್ಗೆ ಫೋನು ಹಿಡಿದು ಬಂದವಳು ನನ್ನ ಓರಗಿತ್ತಿ, ಭಾವನ ಹೆಂಡತಿ. ಅಕ್ಕ ಎಂದೇ ಕರೆಯುತ್ತೇನೆ. ಅವಳಿಗೆ ಒಂದು ಸೀಮೆಹಸು ಇದೆ. ಅದರ ಹಾಲಿನ ದುಡ್ಡು ಅವಳ ಖಾತೆಗೇ ಬೀಳುತ್ತದೆ. ಆ ಮನೆಯಲ್ಲಿ ಅವಳದು ಅಂತ ಇರುವುದು ಅದೊಂದೇ. ಆದರೆ ಹಸುವಿನ ಮೊಲೆ ಬಲು ಗಟ್ಟಿ, ಅಕ್ಕನ ಹೆಬ್ಬೆರಳಿನ ಗಂಟು ಆರು ತಿಂಗಳಿಂದ ಊದಿಕೊಂಡಿತ್ತು. ಕರೆಯಲಾಗದಿದ್ದರೆ ಮಾರಿಬಿಡೋಣ ಎಂದು ಭಾವ ಎರಡು ಸಲ ಹೇಳಿಯಾಗಿತ್ತು. ಮೂರನೇ ಸಲ ಹೇಳಿದರೆ ವ್ಯಾಪಾರದವನೂ ಜೊತೆಗೆ ಬರುತ್ತಾನೆ ಎಂದು ಇಬ್ಬರಿಗೂ ಗೊತ್ತಿತ್ತು.

"ಇದ್ನ ಒಸಿ ನೋಡಮ್ಮಿ," ಎಂದಳು. "ತಗೋಬೋದಾ ಏಳು."

ಸ್ಕ್ರೀನ್‌ಶಾಟಿನಲ್ಲಿ ಹಾಲು ಕರೆಯುವ ಮಿಷನ್ನಿತ್ತು. ಮೂವತ್ತೆಂಟು ಸಾವಿರ ಎಂಬುದರ ಮೇಲೆ ಗೀಟು ಎಳೆದು, ಕೆಂಪಕ್ಷರದಲ್ಲಿ ಒಂದು ಸಾವಿರದ ಒಂಬೈನೂರ ತೊಂಬತ್ತೊಂಬತ್ತು. ರೈತ ಮಹಿಳೆಯರಿಗೆ ಮಾತ್ರ, ಇವತ್ತೊಂದೇ ದಿನ. ನಾನು ಮಾಡಿದ್ದೇನು? ಎರಡು ಬೆರಳಲ್ಲಿ ಚಿತ್ರವನ್ನು ಹಿಗ್ಗಿಸಿದೆ. ಸ್ಟೀಲಿನ ಕ್ಯಾನು ದಪ್ಪಗಿದೆಯಾ, ಮೊಲೆಗೆ ಹಾಕುವ ಕಪ್ಪುಗಳು ನಾಲ್ಕೂ ಇವೆಯಾ, ಒಳಗಿನ ರಬ್ಬರು ಸರಿಯಾಗಿದೆಯಾ, ಪಂಪಿಗೆ ಮೋಟಾರು ಎಂಥದ್ದು. ಒಮ್ಮೆ ಡೈರಿಯವರು ಟ್ರೈನಿಂಗಿಗೆ ಕರೆದುಕೊಂಡು ಹೋಗಿದ್ದಾಗ ಇಂಥದ್ದನ್ನೇ ಮುಟ್ಟಿ ನೋಡಿದ್ದೆ. ಹಸುವಿನ ಬಾಯಿ ಬಿಡಿಸಿ ಹಲ್ಲು ನೋಡುವವರ ಗತ್ತಿನಲ್ಲಿ ನೋಡಿ, ತೀರ್ಪು ಕೊಟ್ಟೆ.

"ಮಿಷನ್ನು ಬಲು ಚೆನ್ನಾಗದೆ ಕಣಕ್ಕ. ಒಳ್ಳೇ ಮಾಲು."

ಅವಳು ನಕ್ಕಳು. ಬಹಳ ದಿನದ ಮೇಲೆ ನಕ್ಕದ್ದು. ಕ್ಯಾನು ತೊಳೆಯುತ್ತಿದ್ದಾಗ ಅವಳಿಂದ ವಾಟ್ಸಾಪಿಗೆ ಎರಡು ಚಿತ್ರ ಬಂದವು. ಒಂದು ಬೆಳಿಗ್ಗೆ ತೋರಿಸಿದ್ದು, ಇನ್ನೊಂದು ದುಡ್ಡು ಕಟ್ಟುವ ಪುಟದ್ದು. ಜೊತೆಗೆ ಅವಳ ದನಿ: "ಮದ್ಯಾನ್ನ ಕಳಿಸ್ಬುಡ್ಲಾ?" ಬಸ್ಸಿಗೆ ಹೊತ್ತಾಗಿತ್ತು. ತೆರೆದು ನೋಡದೆ ಹ್ಞೂ ಎಂದು ಒತ್ತಿದೆ.

ಕೆ.ಆರ್. ಪೇಟೆಗೆ ಹೊರಟಿದ್ದೆ, ಅಲ್ಲಿರುವ ಅಮ್ಮನ ಕಣ್ಣು ತೋರಿಸಲು. ಸೀಟು ಸಿಕ್ಕಿತು, ಕಿಟಕಿಯೂ ಸಿಕ್ಕಿತು, ನೆಮ್ಮದಿ ಮಾತ್ರ ಸಿಗಲಿಲ್ಲ. ಏನೋ ಒಂದು ಕುಟುಕುತ್ತಿತ್ತು. ಮೂವತ್ತೆಂಟು ಸಾವಿರದ್ದು ಎರಡಕ್ಕೆ ಹೇಗೆ? ಸಬ್ಸಿಡಿ ಇರಬಹುದು ಎಂದುಕೊಂಡೆ. ಸಬ್ಸಿಡಿ ಆದರೆ ಅರ್ಜಿ, ಪಹಣಿ, ಫೋಟೋ ಎಂದು ಆರು ತಿಂಗಳು ಅಲೆಸುವುದಿಲ್ಲವೇ? ಫೋನು ತೆಗೆದೆ, ಒಳಗಿಟ್ಟೆ, ಮತ್ತೆ ತೆಗೆದೆ.

ಈ ಸಲ ಮಿಷನ್ನನ್ನು ಬಿಟ್ಟು ಅದರ ಸುತ್ತಮುತ್ತ ನೋಡಿದೆ. ಮೊದಲ ಚಿತ್ರದ ಮೇಲ್ತುದಿಯಲ್ಲಿ ಫೋನಿನ ಗಂಟೆ ಆರು ಹನ್ನೆರಡು. ಎರಡನೆಯದರಲ್ಲಿ ಎಂಟು ನಲವತ್ತು. ಆದರೆ 'ಆಫರ್ ಮುಗಿಯಲು ಉಳಿದ ಸಮಯ' ಎಂದು ಓಡುವ ಗಡಿಯಾರ ಎರಡರಲ್ಲೂ ಹದಿನಾಲ್ಕು ನಿಮಿಷದಲ್ಲೇ ಇತ್ತು. ಎರಡೂವರೆ ಗಂಟೆ ಕಳೆದರೂ ಹದಿನಾಲ್ಕು ನಿಮಿಷ ಕಳೆದಿರಲಿಲ್ಲ. ಎರಡೇ ಮಿಷನ್ನು ಉಳಿದಿವೆ ಎಂದಿತ್ತು, ಆಗಲೂ ಎರಡು, ಈಗಲೂ ಎರಡು.

ಆಮೇಲೆ ಒಂದೊಂದೇ ಕಾಣತೊಡಗಿತು, ಬೆಳಿಗ್ಗೆಯೂ ಅಲ್ಲೇ ಇದ್ದದ್ದು. ವೆಬ್‌ಸೈಟಿನ ವಿಳಾಸದಲ್ಲಿ ದೊಡ್ಡ ಕಂಪನಿಯೊಂದರ ಹೆಸರಿತ್ತು, ಅದರ ಬಾಲಕ್ಕೆ ಆಫರ್, ಸೇಲ್ ಎಂದು ಏನೇನೋ ಅಂಟಿಸಿದ್ದರು. ಮಿಷನ್ನು ಬಂದ ಮೇಲೆ ದುಡ್ಡು ಕೊಡುವ ಲೆಕ್ಕವಿಲ್ಲ, ಮೊದಲೇ ಕ್ಯೂಆರ್ ಕೋಡಿಗೆ ಹಾಕಬೇಕು. ಆ ಕೋಡಿನ ಕೆಳಗೆ ಕಂಪನಿಯ ಹೆಸರಲ್ಲ, ಯಾರೋ ಒಬ್ಬ ಮನುಷ್ಯನ ಹೆಸರು. ಅಂಗಡಿ ಎಲ್ಲಿದೆ ಎಂದಿಲ್ಲ, ಜಿಎಸ್‌ಟಿ ನಂಬರಿಲ್ಲ, ಇರುವುದೊಂದು ವಾಟ್ಸಾಪ್ ನಂಬರು. ಚೆನ್ನಾಗಿದೆ ಎಂದು ಬರೆದ ಇಬ್ಬರು ಹೆಂಗಸರಿಗೆ ಹೆಸರು ಬೇರೆ ಬೇರೆ, ಮುಖ ಒಂದೇ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ದಿನಾ ಊರಿಗೆಲ್ಲ ಹೇಳುವವಳು ನಾನು. ಮಾಲು ನೋಡಿದ್ದೆ, ಮಾರುವವನನ್ನು ನೋಡಿರಲಿಲ್ಲ.

ಅಕ್ಕನಿಗೆ ಫೋನು ಹಚ್ಚಿದೆ. ಬ್ಯುಸಿ. ಮತ್ತೆ ಹಚ್ಚಿದೆ, ಬ್ಯುಸಿ. ಇಷ್ಟು ಹೊತ್ತು ಅವಳು ಯಾರ ಹತ್ತಿರ ಮಾತಾಡುತ್ತಾಳೆ? ದುಡ್ಡು ಹಾಕಿಸಿಕೊಂಡವರು ಆಮೇಲೆ ಸಾಗಾಟದ್ದು ಬೇರೆ ಕಟ್ಟಿ ಅನ್ನುತ್ತಾರೆ, ಹಣ ವಾಪಸು ಬೇಕಾದರೆ ಪಿನ್ ಒತ್ತಿ ಅನ್ನುತ್ತಾರೆ, ಖಾತೆಯನ್ನೇ ತೊಳೆದುಬಿಡುತ್ತಾರೆ. ಇದೆಲ್ಲ ನನಗೆ ಗೊತ್ತಿತ್ತು, ಡೈರಿಯ ಗೋಡೆಗೆ ನಾನೇ ಚೀಟಿ ಅಂಟಿಸಿದ್ದೆ. ಹಾಕಬೇಡ ಎಂದು ಮೆಸೇಜು ಕಳಿಸಿದರೆ ಅದಕ್ಕೆ ಒಂದೇ ಟಿಕ್ಕು ಬಂತು.

ಚಿನಕುರಳಿಯಲ್ಲಿ ಇಳಿದುಬಿಟ್ಟೆ. ಕಣ್ಣಿಗೆ ನಾಳೆ ಹೋಗೋಣ ಎಂದು ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಅವಳು ಯಾಕೆ ಎಂದಳು, ನಾನು ಸಿಡುಕಿದೆ. ವಾಪಸು ಬಸ್ಸು ಬರಲಿಲ್ಲ. ನಿಂತೆ, ಕೂತೆ, ರಸ್ತೆ ದಾಟಿ ಆ ಕಡೆ ನಿಂತೆ, ಮತ್ತೆ ಈ ಕಡೆ ಬಂದೆ. ಕಬ್ಬಿನ ಟ್ರಾಕ್ಟರುಗಳು ಮಾತ್ರ ಒಂದರ ಹಿಂದೊಂದು ಹೋದವು. ಭಯಕ್ಕಿಂತ ನಾಚಿಕೆಯೇ ಹೆಚ್ಚಾಗಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಡೈರಿಯವಳು ಹೇಳಿದಳು ಅಂತ ಕಳೆದುಕೊಂಡಳಂತೆ ಎಂದು ಊರು ಆಡಿಕೊಳ್ಳುವುದು ನನಗೆ ಆಗಲೇ ಕೇಳಿಸುತ್ತಿತ್ತು.

ಕೊನೆಗೂ ಬಂದ ಬಸ್ಸು ಹತ್ತಿ, ಊರಿನ ಗೇಟಿನಲ್ಲಿ ಇಳಿದು ಓಡಿದೆ. ಅಕ್ಕ ಕೊಟ್ಟಿಗೆಯಲ್ಲಿ ಹಸುವಿನ ಮುಂದೆ ಹುಲ್ಲು ಹಾಕುತ್ತಿದ್ದಳು.

"ದುಡ್ಡು ಕಳಿಸ್ಬುಟ್ಯಾ ಅಕ್ಕ?"

"ಇಲ್ಲ ಕಣಮ್ಮಿ."

ಕೊಟ್ಟಿಗೆಯ ಕಂಬ ಹಿಡಿದುಕೊಂಡೆ. ಯಾಕೆ ಕಳಿಸಲಿಲ್ಲ ಎಂದು ಕೇಳಿದೆ.

"ನೀನೇ ಒಳ್ಳೇ ಮಾಲು ಅಂದ್ಯಲ್ಲ, ಅದ್ಕೆಯ," ಎಂದಳು. "ಡೂಪ್ಲಿಕೇಟು ಅಂದಿದ್ರೆ ಕಳಿಸ್ಬುಡ್ತಿದ್ದೆ. ಕಳಪೆ ಮಾಲಾದ್ರೆ ಎರಡು ಸಾವ್ರಕ್ಕೆ ಕೊಟ್ಟಾರು. ಒಳ್ಳೇ ಮಿಷನ್ನ ಆ ರೇಟ್ಗೆ ಯಾರ್ ಕೊಡ್ತಾರೆ? ನಮ್ಮ ಸೀಮೆ ಅಸಾನ ಯಾರಾದ್ರೂ ಐದು ಸಾವ್ರಕ್ಕೆ ಕೇಳಿದ್ರೆ ನಾನು ಕೊಟ್ಬುಡ್ತೀನಾ?"

ಆದರೂ ಆಸೆ ಬಿಡಲಾಗದೆ ಆ ನಂಬರಿಗೆ ಫೋನು ಮಾಡಿದ್ದಳಂತೆ. ಮಿಷನ್ನು ಎಲ್ಲಿದೆ ಎಂದಳಂತೆ, ಬೆಂಗಳೂರು ಎಂದನಂತೆ. ನಮ್ಮಣ್ಣ ಅಲ್ಲೇ ಇದ್ದಾನೆ, ದುಡ್ಡು ಕೈಗೇ ಕೊಟ್ಟು ತಗೊಂಡು ಬರುತ್ತಾನೆ, ಅಡ್ರೆಸ್ ಹೇಳಿ ಎಂದಳಂತೆ. ಅವನು ಅದೂ ಇದೂ ಸಬೂಬು ಹೇಳಿ, ಇವಳು ಬಿಡದೆ ಕೇಳಿ, ಕೊನೆಗೆ ಕಟ್ ಮಾಡಿದನಂತೆ. ಫೋನಿನ ಚಾರ್ಜೂ ಅಷ್ಟರಲ್ಲಿ ಮುಗಿದಿತ್ತು.

"ನಿಂಗೆ ಬೆಂಗಳೂರಲ್ಲಿ ಯಾವ ಅಣ್ಣ ಅವ್ನೆ?" ಎಂದೆ.

"ಅವ್ನಿಗೆ ಯಾವ ಅಂಗ್ಡಿ ಇತ್ತೋ, ಅಂಗೆಯ."

ನನಗೆ ನಗು ತಡೆಯಲಾಗಲಿಲ್ಲ. ನಕ್ಕೆ, ಉಸಿರು ಬಿಟ್ಟೆ, ಹುಲ್ಲಿನ ಮೇಲೆ ಕೂತೆ. ಕಣ್ಣು ಕೂಡ ಒದ್ದೆಯಾಗಿತ್ತು. ನನ್ನ ಮರ್ಯಾದೆ ಉಳಿಯಿತು ಎಂಬ ಖುಷಿಯೂ ಅದರಲ್ಲಿತ್ತು, ಸುಳ್ಳು ಹೇಳುವುದಿಲ್ಲ.

"ಸದ್ಯ ಬಚಾವಾದೆ ಬುಡಕ್ಕ," ಎಂದೆ.

ಅವಳು ನಗಲಿಲ್ಲ. ಬಕೆಟ್ಟನ್ನು ಎಡಗೈಗೆ ಬದಲಾಯಿಸಿಕೊಂಡಳು.

"ದುಡ್ಡು ಬಚಾವಾಯ್ತು ಕಣಮ್ಮಿ," ಎಂದಳು. "ಕೈ ನೋಯ್ತಾನೇ ಅದೆ."

ಕರೆಯುವ ಹೊತ್ತಾಗಿತ್ತು. ಅವಳು ಹಸುವಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ನೋಯುವ ಹೆಬ್ಬೆರಳನ್ನು ತಾಗದಂತೆ ಹೊರಗೆ ಚಾಚಿಕೊಂಡು, ಉಳಿದ ನಾಲ್ಕು ಬೆರಳಲ್ಲೇ ಶುರುಮಾಡಿದಳು.