ಮೂಲೆಯ ಕಂಪ್ಯೂಟರಿನ ಸರಿ ಉತ್ತರ

ನನಗೆ ಕೋಪ ಬೇಗ ಬರುತ್ತದೆ. ಪುತ್ತೂರಿನ ಹತ್ತಿರದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಹದಿನಾಲ್ಕು ವರ್ಷಗಳಿಂದ ಕಂಪ್ಯೂಟರ್ ಪಾಠ ಮಾಡುತ್ತಿದ್ದೇನೆ. ಲ್ಯಾಬ್ ರೆಕಾರ್ಡ್ ತಿದ್ದುವ ವಾರ ಬಂತೆಂದರೆ ಮನೆಯವರು ನನ್ನ ತಂಟೆಗೇ ಬರುವುದಿಲ್ಲ. ಕಳೆದ ವರ್ಷದ ಅಂಥದೊಂದು ವಾರದಲ್ಲಿ ನಾನೊಂದು ತಪ್ಪು ಮಾಡಿದೆ. ಅದನ್ನು ಹೇಳಿಕೊಳ್ಳಲು ನಾಚಿಕೆಯಿದೆ, ಆದರೂ ಹೇಳುತ್ತೇನೆ, ಏಕೆಂದರೆ ಅದರ ಜೊತೆಗೆ ಹೇಳಲೇಬೇಕಾದ ಇನ್ನೊಂದು ವಿಷಯವಿದೆ.

ಪ್ರಯೋಗ ಹಳೆಯದು. ಒಂದೇ ಪ್ರೋಗ್ರಾಮಿನೊಳಗೆ ಎರಡು ಥ್ರೆಡ್‌ಗಳು, ಅಂದರೆ ಏಕಕಾಲಕ್ಕೆ ಓಡುವ ಎರಡು ಕೆಲಸಗಳು. ಎರಡಕ್ಕೂ ಸೇರಿ ಒಂದೇ ಕೌಂಟರ್, ಅಂದರೆ ಎಣಿಕೆ ಇಡುವ ಒಂದೇ ಜಾಗ. ಪ್ರತಿಯೊಂದು ಥ್ರೆಡ್ ಒಂದು ಲಕ್ಷ ಸಲ ಅದಕ್ಕೆ ಒಂದನ್ನು ಕೂಡಿಸಬೇಕು. ಕೊನೆಗೆ ಎರಡು ಲಕ್ಷ ಬರಬೇಕು, ಸಾಮಾನ್ಯವಾಗಿ ಬರುವುದಿಲ್ಲ. ನಾನು ತರಗತಿಯಲ್ಲಿ ಮದುವೆ ಊಟದ ಲೆಕ್ಕ ಹೇಳುತ್ತೇನೆ: ಹಾಲ್‌ನ ಎರಡು ಬಾಗಿಲಲ್ಲಿ ನೆಂಟರನ್ನು ಎಣಿಸಲು ಇಬ್ಬರು ನಿಂತಿದ್ದಾರೆ, ಲೆಕ್ಕ ಬರೆಯುವ ಸ್ಲೇಟು ಒಂದೇ. ಇಬ್ಬರೂ ಒಟ್ಟಿಗೆ ಸ್ಲೇಟು ನೋಡಿ ನಲವತ್ತೊಂದು ಎಂದು ಓದಿಕೊಂಡರೆ ಇಬ್ಬರೂ ನಲವತ್ತೆರಡು ಎಂದೇ ಬರೆಯುತ್ತಾರೆ. ಬಂದ ನೆಂಟರು ಇಬ್ಬರು, ಲೆಕ್ಕ ಏರಿದ್ದು ಒಂದು. ಅದಕ್ಕೇ ಲಾಕ್ ಬೇಕು: ಒಬ್ಬ ಓದಿ, ಕೂಡಿಸಿ, ಬರೆದು ಮುಗಿಸುವ ತನಕ ಇನ್ನೊಬ್ಬ ಸ್ಲೇಟು ಮುಟ್ಟಬಾರದು. ಲಾಕ್ ಇಲ್ಲದೆ ಎಷ್ಟು ಬಂತು, ಲಾಕ್ ಹಾಕಿದ ಮೇಲೆ ಎಷ್ಟು ಬಂತು, ಎರಡನ್ನೂ ರೆಕಾರ್ಡಿನಲ್ಲಿ ಬರೆಯಬೇಕು.

ಲಾಕ್ ಇಲ್ಲದ ಉತ್ತರ ಪ್ರತಿ ಸಲವೂ ಬೇರೆ ಬೇರೆ ಬರುತ್ತದೆ. ಪ್ರಯೋಗದ ತಿರುಳೇ ಅದು. ನನ್ನ ಮೇಜಿನ ಮೇಲಿದ್ದ ರೆಕಾರ್ಡುಗಳಲ್ಲಿ ಮಾತ್ರ ಒಂದಾದ ಮೇಲೊಂದರಂತೆ ಒಂದೇ ಸಂಖ್ಯೆ: 1,37,482. ಹತ್ತನೆಯ ರೆಕಾರ್ಡಿಗೆ ಬರುವಾಗ ನನ್ನ ತಲೆ ಬಿಸಿಯಾಗಿತ್ತು. ಕಾಪಿ ಹೊಡೆಯುವುದಕ್ಕೂ ಒಂದು ಬುದ್ಧಿ ಬೇಡವೇ? ಪಕ್ಕದಲ್ಲಿದ್ದ ಲ್ಯಾಬ್ ಸಹಾಯಕರಿಗೆ ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ನಕ್ಕರು.

"ಇದು ನಿಮ್ದೇ ನಂಬರ್ ಅಲ್ವಾ ಮಾರಾಯ್ರೆ? ಐದಾರು ವರ್ಷ ಹಿಂದೆ ನೀವೇ ಬೋರ್ಡಲ್ಲಿ ಬರ್ದದ್ದು. ಸೀನಿಯರ್ಸಿನಿಂದ ಜೂನಿಯರ್ಸಿಗೆ ಬರ್ತಾ ಉಂಟು."

ಆ ನಗು ನನ್ನ ಕೋಪಕ್ಕೆ ತುಪ್ಪ ಸುರಿಯಿತು. ಅದೇ ಕೋಪದಲ್ಲಿ ಮುಂದಿನ ರೆಕಾರ್ಡ್ ತೆರೆದೆ. ಅದು ಒಬ್ಬ ಹುಡುಗಿಯದು, ಅದರಲ್ಲಿ ಸಂಖ್ಯೆ ಬೇರೆ ಇತ್ತು. ಲಾಕ್ ಇಲ್ಲದೆ: 2,00,000. ಲಾಕ್ ಹಾಕಿ: 2,00,000. ಇದು ಇನ್ನೂ ದೊಡ್ಡ ಸೋಗು ಅನಿಸಿತು. ಪ್ರೋಗ್ರಾಂ ಓಡಿಸದೆಯೇ ಎರಡೂ ಕಡೆ ಸರಿ ಉತ್ತರ ತುಂಬಿಸಿದ್ದಾಳೆ ಎಂದುಕೊಂಡೆ. ಕೆಂಪು ಶಾಯಿಯಲ್ಲಿ 'ಸುಳ್ಳು' ಎಂದು ಬರೆದೆ, ಸಹಿ ಹಾಕಲಿಲ್ಲ. ರೆಕಾರ್ಡಿಗೆ ಸಹಿ ಇಲ್ಲದಿದ್ದರೆ ಸೋಮವಾರದ ಪ್ರಾಯೋಗಿಕ ಪರೀಕ್ಷೆಗೆ ಪ್ರವೇಶವಿಲ್ಲ. 1,37,482ರವರಿಗೆ ಪ್ರಯೋಗವನ್ನು ಮತ್ತೆ ಮಾಡಿ ತರಲು ಹೇಳಿದೆ. ಅವಳಿಗೆ ಆ ಅವಕಾಶವನ್ನೂ ಕೊಡಲಿಲ್ಲ.

ಕಡಬದ ಕಡೆಯಿಂದ ಎರಡು ಬಸ್ಸು ಬದಲಿಸಿ ಬರುವ ಹುಡುಗಿ. ತಡವಾಗಿ ಬರುವುದರಿಂದ ಯಾರಿಗೂ ಬೇಡವಾದ ಮೂಲೆಯ ಹಳೆಯ ಕಂಪ್ಯೂಟರೇ ಯಾವಾಗಲೂ ಅವಳ ಪಾಲಿಗೆ. ಮರುದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ರೆಕಾರ್ಡ್ ಎದೆಗವಚಿಕೊಂಡು ನಿಂತಳು. ಅಳುತ್ತಿರಲಿಲ್ಲ.

"ಮೇಡಂ, ನಾನು ಸುಳ್ಳು ಬರೀಲಿಲ್ಲ. ಅಲ್ಲಿ ಬಂದದ್ದೇ ಹಾಗೆ. ನೀವು ಒಮ್ಮೆ ಬಂದು ನೋಡಿ."

"ಲಾಕ್ ಇಲ್ದೆ ಎರಡು ಲಕ್ಷ ಹೇಗೆ ಬರ್ತದೆ? ನನಗೆ ಪಾಠ ಮಾಡ್ಲಿಕ್ಕೆ ಬರ್ಬೇಡ."

"ಪಾಠ ಅಲ್ಲ ಮೇಡಂ. ನೋಡಿ ಅಂತ ಹೇಳುದು."

ಹೋದೆ. ಅವಳು ಹತ್ತು ಸಲ ಓಡಿಸಿದಳು. ಹತ್ತು ಸಲವೂ ಎರಡು ಲಕ್ಷ! ನನ್ನ ಮುಖ ಬಿಸಿಯಾಯಿತು. ಅವಳ ಪ್ರೋಗ್ರಾಮನ್ನು ಸಾಲು ಸಾಲಾಗಿ ಓದಿದೆ. ಎಲ್ಲಿಯೂ ಲಾಕ್ ಇಲ್ಲ, ಎಲ್ಲಿಯೂ ಮೋಸವಿಲ್ಲ. ಕೊನೆಗೆ ಆ ಯಂತ್ರದ ವಿವರ ತೆಗೆದು ನೋಡಿದಾಗ ಗೊತ್ತಾಯಿತು, ಅದರಲ್ಲಿದ್ದದ್ದು ಒಂದೇ ಕೋರ್, ಅಂದರೆ ಲೆಕ್ಕ ಮಾಡುವ ಒಂದೇ ಮಿದುಳು; ಲ್ಯಾಬಿನ ಉಳಿದವುಗಳಲ್ಲಿ ಒಂದಕ್ಕಿಂತ ಹೆಚ್ಚು. ಒಂದು ಗಳಿಗೆಯಲ್ಲಿ ಒಂದೇ ಥ್ರೆಡ್ ಓಡಬಲ್ಲದು. ಒಂದು ಲಕ್ಷ ಸಲ ಕೂಡಿಸುವುದು ಕಣ್ಣು ಮುಚ್ಚಿ ತೆರೆಯುವುದರೊಳಗಿನ ಕೆಲಸ. ಯಂತ್ರ ಸರದಿ ಬದಲಿಸುವ ಮೊದಲೇ ಒಂದು ಥ್ರೆಡ್ ತನ್ನ ಪಾಲು ಮುಗಿಸಿ ಹೋಗಿರುತ್ತದೆ. ದೋಷ ಅಲ್ಲೇ ಇದೆ, ಹೊರಗೆ ಬರಲು ಅದಕ್ಕೆ ಸಮಯ ಸಿಕ್ಕಿಲ್ಲ ಅಷ್ಟೆ.

ನಾನು ಇದನ್ನು ಹೇಳಿ ಮುಗಿಸುವ ಮೊದಲೇ ಅವಳು ಕೀಲಿಮಣೆಯ ಕಡೆಗೆ ತಿರುಗಿದ್ದಳು. "ಹಾಗಾದ್ರೆ ಜಾಸ್ತಿ ಹೊತ್ತು ಓಡಿಸಿದ್ರೆ ಸಿಕ್ಕಿ ಬೀಳ್ತದೆ ಅಲ್ವಾ ಮೇಡಂ?"

ಲಕ್ಷವನ್ನು ಹತ್ತು ಕೋಟಿ ಮಾಡಿದಳು. ಇಪ್ಪತ್ತು ಕೋಟಿ ಬರಬೇಕಿತ್ತು, ಹದಿನೆಂಟು ಕೋಟಿ ಚಿಲ್ಲರೆ ಬಂತು. ಒಂದು ಥ್ರೆಡ್ ಸಂಖ್ಯೆಯನ್ನು ಓದಿಕೊಂಡು, ಇನ್ನೂ ಬರೆಯದೆ ಇರುವಾಗಲೇ ಅದರ ಸರದಿ ಮುಗಿದಿದೆ. ಇನ್ನೊಂದು ಬಂದು ಲಕ್ಷಗಟ್ಟಲೆ ಕೂಡಿಸಿದೆ. ಮೊದಲನೆಯದು ಎದ್ದು ಬಂದು ತನ್ನ ಕೈಯಲ್ಲಿದ್ದ ಹಳೆಯ ಸಂಖ್ಯೆಗೆ ಒಂದನ್ನು ಸೇರಿಸಿ ಅದರ ಮೇಲೆಯೇ ಬರೆದುಬಿಟ್ಟಿದೆ. ಇಷ್ಟನ್ನೂ ನಾನು ವಿವರಿಸಲಿಲ್ಲ, ಅವಳೇ ವಿವರಿಸಿದಳು. ನಾನು ಅವಳ ಪಕ್ಕದ ಸ್ಟೂಲಿನಲ್ಲಿ ಕೂತು ಕೇಳಿದೆ, ನಡುವೆ ಬಾಯಿ ಹಾಕದೆ. ನನ್ನ ಮಟ್ಟಿಗೆ ಅದು ದೊಡ್ಡ ವಿಷಯ.

'ಸುಳ್ಳು' ಎಂಬುದಕ್ಕೆ ಅಡ್ಡಗೀಟು ಎಳೆದು, "ನನ್ನದೇ ತಪ್ಪು, ಕ್ಷಮಿಸು" ಎಂದು ಬಾಯಿಬಿಟ್ಟು ಹೇಳಿ ಸಹಿ ಹಾಕಿದೆ. ಅವಳು "ಪರ್ವಾಗಿಲ್ಲ ಮೇಡಂ" ಎಂದು ಬಸ್ಸಿಗೆ ಓಡಿದಳು.

ಸೋಮವಾರ ಬೇರೆ ಕಾಲೇಜಿನಿಂದ ಪರೀಕ್ಷಕರು ಬಂದಿದ್ದರು. ಅವರ ಜೊತೆ ನಾನು ಎರಡನೇ ಪರೀಕ್ಷಕಿ. ಅವಳಿಗೆ ಸಿಕ್ಕಿದ್ದು ಇದೇ ಪ್ರಶ್ನೆ, ಸೀಟು ಸಿಕ್ಕಿದ್ದೂ ಆ ಮೂಲೆಯಲ್ಲೇ. ಲಾಕ್ ಹಾಕಿ ಬರೆದಳು, ಓಡಿಸಿದಳು, ಎರಡು ಲಕ್ಷ ಬಂತು. ಪರೀಕ್ಷಕರು ಒಮ್ಮೆ ನೋಡಿ "ವೆರಿ ಗುಡ್" ಎಂದು ಅಂಕದ ಹಾಳೆ ತೆಗೆದರು.

ನಾನು ಅವಳ ಬೆನ್ನ ಹಿಂದೆ ನಿಂತಿದ್ದೆ. ಗಡಿಬಿಡಿಯಲ್ಲಿ ಅವಳು ಲಾಕನ್ನು ಥ್ರೆಡ್ಡಿನ ಫಂಕ್ಷನ್ ಒಳಗೇ ಬರೆದಿದ್ದದ್ದು ನನ್ನ ಕಣ್ಣಿಗೆ ಬಿತ್ತು. ಅಂದರೆ ಆ ಭಾಗವನ್ನು ಓಡಿಸುವ ಒಂದೊಂದು ಥ್ರೆಡ್ಡಿಗೂ ತನ್ನ ತನ್ನದೇ ಲಾಕ್. ಒಂದನ್ನೊಂದು ತಡೆಯುವುದೇ ಇಲ್ಲ, ಲಾಕ್ ಇದ್ದೂ ಇಲ್ಲದ ಹಾಗೆ. ಒಂದೇ ಕೋರಿನ ಯಂತ್ರವಾದ್ದರಿಂದ ಉತ್ತರ ಸರಿ ಬಂದಿತ್ತು. ನಾನು ಸುಮ್ಮನಿದ್ದೆ. ಅವಳಿಗೆ ಒಮ್ಮೆ ಅನ್ಯಾಯ ಮಾಡಿದ್ದೆನಲ್ಲ, ಇದು ಹೇಗಾದರೂ ದಾಟಿಹೋಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಅವಳು ಏಳಲು ಹೊರಟವಳು ಪರದೆ ನೋಡಿ ಮತ್ತೆ ಕೂತಳು.

"ಸರ್, ಮಾರ್ಕ್ ಹಾಕ್ಬೇಡಿ. ಲಾಕ್ ಒಳಗೆ ಹಾಕಿದ್ದೇನೆ. ಇಬ್ಬರಿಗೂ ಬೇರೆ ಬೇರೆ ಆಗ್ತದೆ. ಹೊರಗೆ ಒಂದೇ ಇರ್ಬೇಕಿತ್ತು."

"ಉತ್ತರ ಸರಿ ಬಂದಿದೆಯಲ್ಲಮ್ಮ?"

"ಉತ್ತರ ಸರಿ ಬಂತು ಸರ್. ಪ್ರೋಗ್ರಾಂ ಸರಿ ಇಲ್ಲ."

ಅವರು ಪೆನ್ನು ಹಿಡಿದೇ ಅವಳನ್ನು ನೋಡಿದರು. ಒಪ್ಪಿಸಿದ ಮೇಲೆ ತಿದ್ದಿದರೆ ಅಂಕ ಕಳೆಯಬೇಕಾಗುತ್ತದೆ, ಗೊತ್ತುಂಟಾ ಎಂದು ಕೇಳಿದರು. ಗೊತ್ತುಂಟು ಎಂದಳು. ಲಾಕಿನ ಸಾಲನ್ನು ಮೇಲಕ್ಕೆ ತಂದು, ಹತ್ತು ಕೋಟಿ ಹಾಕಿ ಓಡಿಸಿದಳು. ಲಾಕ್ ಇರುವುದರಿಂದ ನಿಧಾನ, ಎಲ್ಲರೂ ಪರದೆ ನೋಡುತ್ತ ಕಾದೆವು. ಇಪ್ಪತ್ತು ಕೋಟಿ ಬಂತು, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ.

ನಾಲ್ಕು ಅಂಕ ಹೋಯಿತು. ಆ ಹಾಳೆಗೆ ನಾನೂ ಸಹಿ ಹಾಕಬೇಕಿತ್ತು, ಹಾಕಿದೆ. ನಾನು ಬಾಯಿ ಮುಚ್ಚಿಕೊಂಡಿದ್ದಲ್ಲಿ ನನ್ನ ವಿದ್ಯಾರ್ಥಿನಿ ಬಾಯಿ ಬಿಟ್ಟಿದ್ದಳು. ಪೂರ್ತಿ ಅಂಕದ ಎಷ್ಟೋ ಹಾಳೆಗಳಿಗೆ ಸಹಿ ಹಾಕಿದ್ದೇನೆ, ಇಷ್ಟು ಹೆಮ್ಮೆ ನನಗೆ ಯಾವತ್ತೂ ಆಗಿರಲಿಲ್ಲ.