ಮಗು ನಿಲ್ಲುವ ಜಾಗವೇ ನೆಲ

ಅವನಿಗೆ 'ನಾಲ್ಕಿಂಚು' ಎಂದು ಹೆಸರಿಟ್ಟವನು ನಾನೇ. ಮೂವತ್ತು ವರ್ಷ ಅವನು ಮೆಟ್ಟಿಲಿಗೂ ಬಾಲ್ಕನಿಗೂ ಕಂಬಿ ಬೆಸೆದ. ಅದೇ ಮನೆಗಳಿಗೆ ನಾನು ಟೈಲ್ಸ್ ಹಾಕಿದೆ. ಸುತ್ತಿಗೆ ಮರೆತು ಬಂದ ದಿನಗಳುಂಟು, ನಾಲ್ಕಿಂಚು ಅಗಲದ ಆ ಮರದ ಚೆಂಡು ಮರೆತ ದಿನವಿಲ್ಲ. ಕೆಲಸ ಮುಗಿದ ಮೇಲೆ ಪ್ರತಿ ಸಂದಿಗೂ ಅದನ್ನು ಒತ್ತಿ ನೋಡುತ್ತಿದ್ದ. ಎಲ್ಲಾದರೂ ತೂರಿತೋ, ಕಂಬಿ ಕಿತ್ತು ಮತ್ತೆ ಬೆಸೆಯುತ್ತಿದ್ದ.

"ಮಗೂನ ಮೈ ತೂರಿ ತಲೆ ಸಿಕ್ಕಿಕೊಂಡ್ರೆ ಏನೋ ಮಾಡ್ತೀಯ?" ಎನ್ನುತ್ತಿದ್ದ. ಅಡ್ಡ ಕಂಬಿ ಕೇಳಿದವರಿಗೆ, "ಮಗೂಗೆ ಏಣಿ ಬೇಕಾದ್ರೆ ಬೇರೆಯವರ ಹತ್ರ ಮಾಡಿಸ್ಕೊಳ್ಳಿ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದ.

ಎತ್ತರದ ವಿಷಯಕ್ಕಂತೂ ಅವನದು ಒಂದೇ ಹಟ. ನೆಲದಿಂದ ಮೂರೂವರೆ ಅಡಿ. ನನ್ನ ಟೈಲ್ಸಿಗೆ ಮೂರಿಂಚು ಮೊದಲೇ ಸೇರಿಸಿಕೊಳ್ಳುತ್ತಿದ್ದ. "ನೆಲ ಅಂದ್ರೆ ಯಾವ್ದು ಗೊತ್ತೇನೋ? ಮಗು ಹತ್ತಿ ನಿಲ್ಲೋ ಜಾಗವೇ ನೆಲ." ಈ ಮಾತು ಕೇಳಿ ಕೇಳಿ ನನ್ನ ಕಿವಿ ತೂತಾಗಿತ್ತು. ನಾನು ನಗುತ್ತಿದ್ದೆ. ಹಾಳಾದ ನಗು.

ಅವನ ಮಗಳು ಮೂರನೇ ಮಹಡಿಯಲ್ಲಿ ಮನೆ ಮಾಡಿದಾಗ ಬಾಲ್ಕನಿಯ ಕಂಬಿಯನ್ನು ಅವನೇ ಬೆಸೆದ. ಐದು ವರ್ಷದ ಮೊಮ್ಮಗಳಿಗೆ ಚೆಂಡನ್ನೂ ಕೊಟ್ಟ. "ಎಷ್ಟು ಬೇಕಾದ್ರೂ ಉರುಳಿಸು ಪುಟ್ಟಿ, ಕೆಳಗೆ ಬೀಳಲ್ಲ."

ಟೈಲ್ಸ್ ಹಾಕಲು ಹೋದ ನನಗೆ ಅವನ ಮಗಳು, "ಮಾವ, ಕಂಬಿ ಪಕ್ಕ ಹೂವಿನ ಕುಂಡ ಇಡೋಕೆ ಒಂದಡಿ ಎತ್ತರ ಕಟ್ಟೆ ಕಟ್ಟಿಕೊಡಿ. ಅಪ್ಪ ಭಾನುವಾರ ಬಂದಾಗ ನೋಡಿ ಖುಷಿಪಡ್ಲಿ" ಎಂದಳು. ಕಟ್ಟಿದೆ. ಮಟ್ಟಗೋಲು ಇಟ್ಟು, ಅಂಚು ತಿಕ್ಕಿ ನುಣುಪು ಮಾಡಿ ಕಟ್ಟಿದೆ. ಕೈ ಕೆಲಸ ಮಾಡುತ್ತಿತ್ತು, ತಲೆಗೆ ಮಂಕು ಕವಿದಿತ್ತು.

ಶನಿವಾರ, ಕುಂಡಗಳು ಬರುವ ಮೊದಲೇ, ಪುಟ್ಟಿ ಕಟ್ಟೆ ಹತ್ತಿ ಬೀದಿಯತ್ತ ಬಾಗಿದಳು. ಆಸ್ಪತ್ರೆ ಸೇರುವಷ್ಟು ಹೊತ್ತೂ ಮಗು ಉಳಿಯಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಅವನು ಟೇಪು ಹಿಡಿದು ಬಾಲ್ಕನಿಗೆ ನಡೆದ. ನಾನೂ ಹಿಂದೆಯೇ ಹೋದೆ. ಟೈಲ್ಸಿನಿಂದ ಅಳೆದ: ನಲವತ್ತೆರಡು ಇಂಚು. ಕಟ್ಟೆಯ ಮೇಲಿಟ್ಟು ಅಳೆದ: ಮೂವತ್ತು.

"ಇದನ್ನ ಕಟ್ಟಿದ್ದು ಯಾರು?"

ಮಗಳು ಬಾಯಿ ತೆರೆಯುವ ಮೊದಲೇ, "ನಾನು" ಎಂದೆ.

ಬೈದಿದ್ದರೆ, ಹೊಡೆದಿದ್ದರೆ, ನಾನು ಬದುಕಿಕೊಳ್ಳುತ್ತಿದ್ದೆ. ಅವನು ನನ್ನ ಮುಖ ನೋಡಿ, "ನಿನಗೆ ಗೊತ್ತಿತ್ತಲ್ಲೋ" ಎಂದ, ಅಷ್ಟೇ.

ಚೆಂಡು ಕಂಬಿಯ ಬುಡದಲ್ಲಿ ಬಿದ್ದಿತ್ತು. ಅದನ್ನೆತ್ತಿಕೊಂಡು ಮೊದಲ ಸಂದಿಗೆ ಒತ್ತಿದ. ಆಮೇಲೆ ಎರಡನೆಯದಕ್ಕೆ. ಕೊನೆಯವರೆಗೂ ಒತ್ತಿ ನೋಡಿದ, ಎಲ್ಲೂ ತೂರಲಿಲ್ಲ.