ಮೂರು ವರ್ಷ ಜಾರದ ಪಾದ

ವಿಡಿಯೊ ಆಟ ತಯಾರಿಸುವ ಆ ಕಂಪನಿಯಲ್ಲಿ ಎಲ್ಲರೂ ಅವನನ್ನು ಪಾದದಣ್ಣ ಎನ್ನುತ್ತಿದ್ದರು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟು, ಅಂಗಡಿಗಳಿಗೆ ಬೋರ್ಡು ಬರೆದು, ನಲವತ್ತರ ಮೇಲೆ ಕಂಪ್ಯೂಟರಿನ ಗೊಂಬೆ ನಡೆಸಲು ಕಲಿತವನು. ಕೋಪ ಮೂಗಿನ ತುದಿಯಲ್ಲೇ. ತನ್ನ ಗೊಂಬೆಯ ಪಾದ ನೆಲದ ಮೇಲೆ ಎಂದೂ ಜಾರಿಲ್ಲ ಎಂದು ಎದೆ ತಟ್ಟಿಕೊಳ್ಳುತ್ತಿದ್ದ.

ಆ ಬೆಳಿಗ್ಗೆ ಎಲ್ಲವೂ ಜಾರಿದವು. ಮೂಟೆ ಹೊತ್ತ ಹಮಾಲಿ ಗೊಂಬೆಯ ಊರಿದ ಪಾದ ಎಣ್ಣೆಯ ಮೇಲಿದ್ದಂತೆ ಹಿಂದಕ್ಕೆ ಸರಿಯುತ್ತಿತ್ತು. ನಡಿಗೆ ಓಟವಾಗುವಾಗ ಕಾಲಿಗೆ ಕಾಲು ತೊಡರುತ್ತಿತ್ತು. ನಿಂತವನು ಹೊರಟರೆ ಮೈ ಗಕ್ಕನೆ ನೆಗೆಯುತ್ತಿತ್ತು. ಮೂರು ಗಂಟೆಗೆ ಆಟ ಕೊಳ್ಳುವವರು ನೋಡಲು ಬರುವವರಿದ್ದರು. ಅಷ್ಟರಲ್ಲಿ ಸರಿಹೋಗದಿದ್ದರೆ ನಡಿಗೆ, ಓಟ ಎಂದು ಅವನು ಮಾಡಿಟ್ಟ ಚಲನೆಯ ಕ್ಲಿಪ್‌ಗಳನ್ನೆಲ್ಲ ಕಿತ್ತು ಹೊರಗಿನವನ್ನು ಹಾಕುವುದಾಗಿ ಯಜಮಾನರು ಹೇಳಿ ಹೋದರು.

ಎಲ್ಲ ಪ್ರೋಗ್ರಾಮರ್ ಹುಡುಗಿಯ ಕಿತಾಪತಿ ಎಂದು ಅವನು ಕೂಗಾಡಿದ. ಅವಳು ನಿನ್ನೆ ಆಟವನ್ನು, ಅದನ್ನು ಓಡಿಸುವ ಎಂಜಿನ್ ತಂತ್ರಾಂಶದ ಹೊಸ ಆವೃತ್ತಿಗೆ ಬದಲಿಸಿ, ಇವತ್ತು ಅಮ್ಮನ ಕಣ್ಣಿನ ಆಪರೇಷನ್ನಿಗೆಂದು ರಜೆಯಲ್ಲಿದ್ದಳು. ಸಾಕ್ಷಿ ಹಿಡಿಯಲೆಂದೇ ಆಟದ ಹಳೆಯ ಪ್ರತಿಯ ಸ್ಟೇಟ್ ಮೆಷಿನ್ ತೆರೆದ. ಯಾವ ಕ್ಲಿಪ್‌ನಿಂದ ಯಾವುದಕ್ಕೆ ಹೋಗಬೇಕೆಂದು ಹೇಳುವ ಆ ಬಾಣಗಳ ನಕ್ಷೆಯನ್ನು ಅವನು ಅದುವರೆಗೆ ಮುಟ್ಟಿರಲಿಲ್ಲ.

ಅದರ ಪಕ್ಕದಲ್ಲಿ, ಆಟ ಓಡುವಾಗ ಅವನ ಕ್ಲಿಪ್‌ಗಳನ್ನು ತಿದ್ದುವ ಅವಳದೊಂದು ಪಟ್ಟಿಯಿತ್ತು. ಹೊಸ ಪ್ರತಿಯಲ್ಲಿ ಅದು ಬಿಟ್ಟುಹೋಗಿತ್ತು. ಹಮಾಲಿ ನಡಿಗೆ: ರೂಟ್ 1.27 ಪಟ್ಟು. ಓಟ: ಬ್ಲೆಂಡ್ ಟ್ರೀಯಲ್ಲಿ ನಡಿಗೆಯೊಂದಿಗೆ ಬೆರೆಯುವಾಗ ಅರ್ಧ ಸುತ್ತು ಮುಂದಿನಿಂದ ಶುರು, ಎಡಗಾಲಿಗೆ ಎಡಗಾಲು ಕೂಡುವಂತೆ. ನಿಂತದ್ದರಿಂದ ನಡಿಗೆಗೆ: 0.25 ಸೆಕೆಂಡು ಬೆರೆಸುವುದು. ಹೀಗೆ ನಲವತ್ತೊಂದು ಸಾಲು. ಮೊದಲ ಸಾಲಿನ ತಾರೀಕು ಮೂರು ವರ್ಷ ಹಳೆಯದು.

ನಂಬಿಕೆ ಬರಲಿಲ್ಲ. ತನ್ನ ಕ್ಲಿಪ್ ತೆರೆದು, ಹಿಮ್ಮಡಿ ಊರಿದಲ್ಲಿಂದ ಪಾದ ಏಳುವವರೆಗೆ ಅಳೆದ. ಮೈಯಿಂದ ಪಾದ ಹಿಂದೆ ಸರಿದದ್ದು ಎಂಬತ್ತೊಂಬತ್ತು ಸೆಂಟಿಮೀಟರ್. ಗೊಂಬೆಯನ್ನು ಮುಂದೊಯ್ಯುವ ರೂಟ್ ಸರಿದದ್ದು ಎಪ್ಪತ್ತೇ. ಎರಡೂ ಸಮ ಇರಬೇಕಿತ್ತು. ರೂಟನ್ನು ಅವನು ಯಾವಾಗಲೂ ಕಣ್ಣಳತೆಯಲ್ಲೇ ಎಳೆಯುತ್ತಿದ್ದ. ಭಾಗಿಸಿ ನೋಡಿದ. ಒಂದು ಪಾಯಿಂಟ್ ಎರಡು ಏಳು. ಅವಳ ಮೊದಲ ಸಾಲಿನದೇ ಅಂಕಿ.

ಆಸ್ಪತ್ರೆಯಲ್ಲಿದ್ದವಳಿಗೆ ಫೋನ್ ಮಾಡಿದ.

“ಮೂರು ವರ್ಷದಿಂದ ಯಾಕಮ್ಮ ಹೇಳ್ಲಿಲ್ಲ?”

“ಮೊದಲನೇ ಸಲ ಹೇಳಿದ್ದೆ ಅಣ್ಣ. ನೀವು ಮೌಸ್ ಎತ್ತಿ ಗೋಡೆಗೆ ಹೊಡೆದ್ರಿ.”

ಮೌಸ್ ಒಡೆದದ್ದು ಅವನಿಗೆ ನೆನಪಿತ್ತು. ಯಾಕೆಂಬುದು ನೆನಪಿರಲಿಲ್ಲ.

ಪಟ್ಟಿಯನ್ನು ಮತ್ತೆ ಸೇರಿಸುವುದು ಹೇಗೆಂದು ಅವಳು ಹೇಳಿಕೊಟ್ಟಳು. ಹತ್ತು ನಿಮಿಷದ ಕೆಲಸ, ಯಾರಿಗೂ ಗೊತ್ತಾಗುವುದಿಲ್ಲ ಎಂದಳು.

ಮೂರಕ್ಕೆ ಹಮಾಲಿ ನೆಟ್ಟಗೆ ನಡೆದ. ನಮ್ಮ ಪಾದದಣ್ಣನ ಪಾದ ಜಾರುವುದೇ ಇಲ್ಲ ಎಂದು ಯಜಮಾನರು ಬಂದವರೆದುರು ನಕ್ಕರು.

“ಜಾರುತ್ತೆ ಸಾರ್,” ಎಂದ ಅವನು. “ಆ ಹುಡುಗಿ ಹಿಡ್ಕೊಂಡಿದ್ಲು.”

ಅವನು ತನ್ನ ಜಾಗಕ್ಕೆ ಹೋಗಿ, ಹಮಾಲಿಯ ರೂಟನ್ನು ಎಂಬತ್ತೊಂಬತ್ತಕ್ಕೆ ಎಳೆದು, ಪಟ್ಟಿಯ ಮೊದಲ ಸಾಲು ಅಳಿಸಿದ. ಇನ್ನೂ ನಲವತ್ತಿದ್ದವು.